ನಮ್ಮ ಮದುವೆ, ನಮ್ಮ 19 ಜನ

ಭಾನುವಾರ ಬೆಳಗ್ಗೆ ನಾವಿಬ್ಬರೂ ಮದುವೆಯಾದೆವು!

ಚಿಕ್ಕಮ್ಮನ ಮನೆಯ ದೊಡ್ಡ ಕೋಣೆಯಲ್ಲಿ, ಕಿಟಕಿಯ ಪಕ್ಕ, ನಮ್ಮವರ ನಡುವೆ ಕೂತು. ನಾವಿಬ್ಬರೂ ಸೇರಿ ಒಟ್ಟು 19 ಜನ. ಅಲ್ಲಿದ್ದ ಪ್ರತಿಯೊಬ್ಬರೂ ನಮ್ಮಿಬ್ಬರನ್ನೂ ಚೆನ್ನಾಗಿ ಬಲ್ಲವರು. ನಾವು ಒಬ್ಬರಿಗೊಬ್ಬರು ಮಾತು ಕೊಟ್ಟಾಗ ಅದು ಎಲ್ಲರ ಕಿವಿಗೂ ಬಿತ್ತು. ನಮಗೆ ಬೇಕಿದ್ದದ್ದು ಅದೇ.

ಫೋಟೋಗಳನ್ನು ನಿಧಾನವಾಗಿ ನೋಡಿ. ಒಂದೊಂದರ ಹಿಂದೆಯೂ ಹೇಳೋದಕ್ಕೆ ಏನಾದರೂ ಇದೆ.

ಮೊದಲನೆಯದರಲ್ಲಿ ಕಾಣುವ ಕುರ್ಚಿಗಳು. ಮನೆಯಲ್ಲಿದ್ದ ಎಲ್ಲ ಕುರ್ಚಿಗಳನ್ನೂ ದುಂಡಗೆ ಹಾಕಿದ್ದೆವು. ಊಟದ ಮೇಜಿನ ಕುರ್ಚಿ, ಚಕ್ರದ ಕುರ್ಚಿ, ಎರಡು ಸ್ಟೂಲು, ಮಂಚದ ಒಂದು ಬದಿ. ಒಂದೊಂದೂ ಒಂದೊಂದು ಎತ್ತರ. ಅದಕ್ಕೇ ಫೋಟೋದಲ್ಲಿ ತಲೆಗಳು ಅಲೆಯ ಹಾಗೆ ಏರಿಳಿದಿವೆ. ನನಗೆ ಈ ಸಾಲು ತುಂಬಾ ಇಷ್ಟ. ಯಾರ ಮುಖವೂ ಯಾರ ಹಿಂದೆಯೂ ಅಡಗಿಲ್ಲ.

ಎರಡನೆಯದು ಅಮ್ಮ ಮತ್ತು ಅತ್ತೆ. ಇಬ್ಬರೂ ನನ್ನ ಜಡೆಗೆ ಪಿನ್ ಸಿಗಿಸುತ್ತಿದ್ದಾರೆ. ಅಮ್ಮನ ಬಾಯಲ್ಲಿ ಎರಡು ಪಿನ್, ಅತ್ತೆಯ ಕೈಯಲ್ಲಿ ಕನ್ನಡಿ.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಜ್ಜಿಗೆ ಎಡಗಿವಿ ಪೂರ್ತಿ ಕೇಳಿಸುವುದಿಲ್ಲ, ಬಲಗಿವಿ ಪರವಾಗಿಲ್ಲ. ಅದಕ್ಕೆ ನಾವಿಬ್ಬರೂ ಅಜ್ಜಿಯ ಬಲಕ್ಕೆ ಕೂತೆವು. ಕೊಡಬೇಕಾದ ಮಾತುಗಳನ್ನು ನಾವೇ ಬರೆದಿದ್ದೆವು. ಮೊದಲು ನಾನು ಹೇಳಿದೆ. ‘ದುಡ್ಡಿನ ವಿಷಯ ನಿನ್ನಿಂದ ಯಾವತ್ತೂ ಮುಚ್ಚಿಡಲ್ಲ. ಕೋಪ ಬಂದರೆ ಬಂದಿದೆ ಅಂತ ಬಾಯಿಬಿಟ್ಟು ಹೇಳ್ತೀನಿ. ನಿನ್ನ ಅಮ್ಮನಿಗೆ ಹುಷಾರಿಲ್ಲ ಅಂದರೆ ರಜಾ ಹಾಕೋದಕ್ಕೆ ನೀನು ನನ್ನನ್ನ ಕೇಳಬೇಕಾಗಿಲ್ಲ, ನಾನೇ ಹಾಕ್ತೀನಿ.’ ಅಜ್ಜಿ ಪ್ರತಿ ಮಾತಿಗೂ ‘ಹೂಂ’ ಅಂದರು.

ಆಮೇಲೆ ಅವನ ಸರದಿ. ಅವನದು ಮೊದಲೇ ಮೆಲುದನಿ. ಹೇಳಿ ಮುಗಿಸಿದ. ಅಜ್ಜಿ ಅವನ ಮೊಣಕೈ ಹಿಡಿದು, ‘ಇನ್ನೊಂದು ಸಲ ಹೇಳಪ್ಪಾ, ನಂಗೆ ಕೇಳಿಸಲಿಲ್ಲ’ ಅಂದರು. ಅವನು ಅಜ್ಜಿಯ ಕಡೆ ಬಾಗಿ ಮತ್ತೆ ಮೊದಲಿನಿಂದ ಶುರು ಮಾಡಿದ. ‘ಇವಳು ಏನು ಓದಬೇಕು ಅಂದರೂ, ಯಾವ ಕೆಲಸಕ್ಕೆ ಹೋಗಬೇಕು ಅಂದರೂ, ಮನೆ ನಾನು ನೋಡ್ಕೋತೀನಿ ಅಜ್ಜಿ. ಇವಳು ಸುಮ್ನೆ ಕೂತಿರಬೇಕು ಅನ್ನಿಸಿದ ದಿನ ಯಾಕೆ ಅಂತ ಕೇಳಲ್ಲ.’ ಮೊದಲ ಸಲ ನಡುಗದಿದ್ದ ದನಿ ಎರಡನೇ ಸಲ ಒಡೆಯಿತು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ‘ಹಾಂ, ಈಗ ಸರಿ’ ಅಂದರು. ಆ ಮಾತು ಅವನ ಬಾಯಿಂದ ಎರಡು ಸಲ ಕೇಳುವ ಭಾಗ್ಯ ನನ್ನದಾಯಿತು. ಫೋಟೋದಲ್ಲಿ ನೋಡಿ, ಅಜ್ಜಿಯ ಕೈ ಇನ್ನೂ ಅವನ ಮೊಣಕೈ ಮೇಲೇ ಇದೆ.

ನಾಲ್ಕನೆಯದರಲ್ಲಿ ಇರುವುದು ಒಂದು ಜೇಬು. ಅಕ್ಕನ ಮಗನಿಗೆ ಆರು ವರ್ಷ. ಸಹಿ ಹಾಕುವ ಪೆನ್ನು ಕಾಯುವ ಕೆಲಸ ಅವನದು. ಬೆಳಗ್ಗೆ ಎದ್ದಾಗಿನಿಂದ ಅದನ್ನು ಅಂಗಿಯ ಜೇಬಲ್ಲಿ ಇಟ್ಟುಕೊಂಡು ಓಡಾಡಿದ, ಯಾರಿಗೂ ಮುಟ್ಟಲು ಕೊಡಲಿಲ್ಲ. ಕ್ಯಾಪು ಸಡಿಲವಾಗಿತ್ತು ಅಂತ ಕಾಣುತ್ತೆ. ಬಿಳಿ ಜೇಬಿನ ಮೂಲೆಯಲ್ಲಿ ಒಂದು ನೀಲಿ ಚುಕ್ಕಿ ಇತ್ತು, ನಾವು ಸಹಿ ಹಾಕುವ ಹೊತ್ತಿಗೆ ಅದು ನಾಣ್ಯದಷ್ಟಾಗಿತ್ತು. ಪೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಮಗೆ ಕೊಟ್ಟ. ಆ ಪೆನ್ನಿನಲ್ಲೇ ನಾವು ಸಹಿ ಮಾಡಿದೆವು, ಸಾಕ್ಷಿಗಳೂ ಮಾಡಿದರು. ಅಂಗಿಯನ್ನು ಹಾಗೇ ತೆಗೆದಿಡು ಅಂತ ಅಕ್ಕನಿಗೆ ಹೇಳಿದ್ದೇನೆ.

ಐದು ಮತ್ತು ಆರರಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. ಸಹಿ ಆದ ಮೇಲೆ ಒಬ್ಬೊಬ್ಬರಾಗಿ ನಮಗೆ ಏನಾದರೂ ಹೇಳಬೇಕು ಅಂತ ಕೇಳಿಕೊಂಡಿದ್ದೆವು. ಹಾಡಿದವರಿದ್ದಾರೆ, ಚೀಟಿ ನೋಡಿ ಓದಿದವರಿದ್ದಾರೆ. ಅವನ ತಮ್ಮ ನಮ್ಮಿಬ್ಬರನ್ನೂ ತಬ್ಬಿಕೊಂಡು ನಿಂತುಬಿಟ್ಟ. ಅದೂ ಮಾತೇ ಅಲ್ವಾ?

ಏಳನೆಯದು ಅಪ್ಪ. ಕೈಯಲ್ಲಿ ಮಡಚಿದ ಹಾಳೆ. ಎದ್ದು ನಿಂತರು, ಹಾಳೆ ಬಿಡಿಸಿದರು, ಒಂದು ಸಲ ನೋಡಿ ಮತ್ತೆ ಮಡಚಿ ಜೇಬಿಗೆ ಹಾಕಿದರು. ಆಮೇಲೆ ಅವನನ್ನೇ ನೋಡುತ್ತಾ ಹೇಳಿದರು: ‘ಇವಳು ಬರೋದು ಲೇಟಾದರೆ ಗೇಟಿನ ಸದ್ದು ಕೇಳೋವರೆಗೂ ನಂಗೆ ನಿದ್ದೆ ಬರಲ್ಲ. ಇವಳಿಗೆ ಇದು ಗೊತ್ತಿಲ್ಲ. ಇನ್ಮೇಲೆ ನೀನೂ ಎದ್ದಿರು.’ ಅಷ್ಟು ಹೇಳಿ ಕೂತರು. ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಹಾಲಲ್ಲಿ ದೀಪ ಆರಿರುತ್ತಿತ್ತು, ಅಪ್ಪ ಮಲಗಿದ್ದಾರೆ ಅಂದುಕೊಂಡು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋಗುತ್ತಿದ್ದೆ. ನನ್ನ ಮದುವೆಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಉಡುಗೊರೆ ಈ ಮಾತು. ಆ ಹಾಳೆಯಲ್ಲಿ ಏನಿತ್ತೋ, ಅಪ್ಪ ಇನ್ನೂ ತೋರಿಸಿಲ್ಲ.

ಎಂಟನೆಯದು ಊಟ. ಎಲ್ಲರೂ ಒಟ್ಟಿಗೆ ಕೂತರು, ಒಟ್ಟಿಗೆ ಎದ್ದರು. ಬಡಿಸಿದ್ದು ನಾವಿಬ್ಬರು. ನಮ್ಮ ಕೈಯಾರೆ ಬಡಿಸಬೇಕು ಅನ್ನೋದು ನಮ್ಮ ಆಸೆಯಾಗಿತ್ತು.

ಕೊನೆಯದು ಎಲ್ಲರೂ ಇರುವ ಫೋಟೋ. ತೆಗೆದದ್ದು ನನ್ನ ಕಾಲೇಜಿನ ಗೆಳತಿ. ಇಡೀ ಬೆಳಗ್ಗೆ ಅವಳು ಕೋಣೆಯ ಟ್ಯೂಬ್‌ಲೈಟ್ ಹಾಕಲು ಬಿಡಲಿಲ್ಲ. ಕಿಟಕಿಯ ಬೆಳಕು, ಟ್ಯೂಬ್‌ಲೈಟ್ ಎರಡೂ ಸೇರಿದರೆ ಮುಖದ ಒಂದು ಪಕ್ಕ ಒಂದು ಬಣ್ಣ, ಇನ್ನೊಂದು ಪಕ್ಕ ಇನ್ನೊಂದು ಬಣ್ಣ ಬರುತ್ತಂತೆ. ಈಗ ಫೋಟೋ ನೋಡಿದರೆ ಅವಳು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗುತ್ತೆ. ಅಜ್ಜಿಯ ಕೆನ್ನೆಯ ಒಂದೊಂದು ಸುಕ್ಕೂ ಎಷ್ಟು ಚೆನ್ನಾಗಿ ಬಂದಿದೆ! ಈ ಫೋಟೋಗೆ ಅವಳು ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಇಟ್ಟು, 10 ಸೆಕೆಂಡಿನ ಟೈಮರ್ ಹಾಕಿ ಓಡಿ ಬಂದಳು. ಎಡತುದಿಯಲ್ಲಿ ಮಸುಕಾಗಿರುವ ಕಾಲು ಅವಳದೇ. ಅವಳೂ ಸೇರಿ ಲೆಕ್ಕ ಹಾಕಿ, 19 ಜನ ಸಿಗುತ್ತಾರೆ. ಇದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತಿದ್ದೇವೆ, ಎರಡು ಪ್ರತಿ. ಒಂದು ಅಮ್ಮನ ಮನೆಗೆ, ಒಂದು ಅತ್ತೆಯ ಮನೆಗೆ.

ಚಿಕ್ಕಮ್ಮಾ, ಮನೆಯನ್ನೇ ನಮಗೆ ಬಿಟ್ಟುಕೊಟ್ಟಿರಿ. ಹಿಂದಿನ ರಾತ್ರಿ ಕಿಟಕಿಯ ಗಾಜು ಒರೆಸುತ್ತಾ ನಿಂತಿದ್ದ ನಿಮ್ಮನ್ನು ನಾವಿಬ್ಬರೂ ಮರೆಯಲ್ಲ. ಚಿಕ್ಕಪ್ಪ, ಕುರ್ಚಿಗಳನ್ನು ವಾಪಸ್ ಜಾಗಕ್ಕೆ ಇಟ್ಟದ್ದು ನೀವೊಬ್ಬರೇ ಅಂತ ಆಮೇಲೆ ಗೊತ್ತಾಯಿತು. ನಮ್ಮಿಬ್ಬರ ನಮಸ್ಕಾರ.

ಮುಂದಿನ ವಾರ ಹೊಸ ಮನೆಗೆ ಹೋಗುತ್ತಿದ್ದೇವೆ. ಸಂಜೆ ಆರರ ಮೇಲೆ ಇಬ್ಬರೂ ಮನೆಯಲ್ಲೇ ಇರುತ್ತೇವೆ. ಒಂದು ಮೆಸೇಜ್ ಹಾಕಿ, ಬನ್ನಿ. ನಿಮಗೂ ನಮ್ಮ ಕೈಯಾರೆ ಬಡಿಸಬೇಕು.