ಕವಿತಾಳನ್ನು ಜರ್ಮನಿಯ ಎಸ್ಲಿಂಗನ್‌ಗೆ ಕಳಿಸುವಾಗ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಶಿಫ್ಟಿನವರು ಅರ್ಧ ಗಂಟೆ ಮೊದಲೇ ಬಂದಿದ್ದೀರಿ. ಫಸ್ಟ್ ಶಿಫ್ಟಿನವರು ಮನೆಗೆ ಹೋಗದೆ ನಿಂತಿದ್ದೀರಿ. ಕವಿತಾ, ಸುತ್ತ ಒಮ್ಮೆ ನೋಡು. ಆಯುಧ ಪೂಜೆ ಬಿಟ್ಟರೆ ಈ ಶೆಡ್ಡಿನಲ್ಲಿ ಇಷ್ಟು ಜನ ಒಟ್ಟಿಗೆ ನಿಲ್ಲುವುದನ್ನು ನಾನಂತೂ ನೋಡಿಲ್ಲ.

ಕವಿತಾಳ ಅಮ್ಮ ತುಮಕೂರಿನಿಂದ ಬಂದು ಮುಂದೆಯೇ ಕೂತಿದ್ದಾರೆ. ಅಮ್ಮಾ, ನಿಮಗೆ ವಿಶೇಷ ನಮಸ್ಕಾರ. ನಿಮ್ಮ ಮಗಳು ಇಲ್ಲಿ ಏನು ಮಾಡುತ್ತಿದ್ದಳು ಅಂತ ನಿಮಗೆ ಹೇಳಬೇಕು ಅನ್ನಿಸಿದೆ. ಅವಳೇ ಹೇಳಿರುವುದಿಲ್ಲ. ಕೇಳಿದರೆ "ಅಳತೆ ನೋಡ್ತೀನಿ" ಅಂದಿರುತ್ತಾಳೆ, ಅಷ್ಟೇ ಅಲ್ವಾ?

ನಾವು ಮಾಡುವುದು ಹೈಡ್ರಾಲಿಕ್ ವಾಲ್ವ್. ಜೆಸಿಬಿಯ ತೋಳು ಮೇಲೆ ಕೆಳಗೆ ಆಗುತ್ತದಲ್ಲ, ಅದಕ್ಕೆ ಎಣ್ಣೆ ಎತ್ತ ಹೋಗಬೇಕು ಅಂತ ದಾರಿ ತೋರಿಸುವ ಜಾತಿಯ ವಾಲ್ವ್. ಅದರ ಒಳಗೆ ಸ್ಪೂಲ್ ಅಂತ ಒಂದು ಉಕ್ಕಿನ ಕಡ್ಡಿ ಓಡಾಡುತ್ತದೆ. ಕಡ್ಡಿಗೂ ಅದು ಓಡಾಡುವ ತೂತಿಗೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ಜಾಗ ಸ್ವಲ್ಪ ಜಾಸ್ತಿಯಾದರೆ ಎಣ್ಣೆ ಸೋರುತ್ತದೆ, ಕಮ್ಮಿಯಾದರೆ ಸ್ಪೂಲ್ ಹಿಡಿದುಕೊಳ್ಳುತ್ತದೆ. ಆ ಜಾಗ ಸರಿ ಇದೆಯೋ ಇಲ್ಲವೋ ಅಂತ ಕೊನೆಯ ಮಾತು ಹೇಳುತ್ತಿದ್ದವಳು ನಿಮ್ಮ ಮಗಳು.

ಹೊಸ ಹುಡುಗರು ಬಂದಾಗ ಅವಳು ಮಾಡುತ್ತಿದ್ದ ಒಂದು ಕೆಲಸ ನನಗೆ ತುಂಬಾ ಇಷ್ಟ. ಮೆಷಿನ್‌ನಿಂದ ತೆಗೆದ ಬಿಸಿ ಸ್ಪೂಲ್ ತಂದು "ಮೇಡಂ, ಬೇಗ ನೋಡಿ" ಅನ್ನುತ್ತಾರಲ್ಲ, ಅವರಿಗೆ ಇವಳು ಬೈಯುವುದಿಲ್ಲ. ತಣ್ಣಗಿರುವ ಇನ್ನೊಂದು ಸ್ಪೂಲ್ ತೆಗೆದು ಕಂಪ್ಯಾರೇಟರ್‌ನಲ್ಲಿಟ್ಟು ಮುಳ್ಳು ತೋರಿಸುತ್ತಾಳೆ. ಆಮೇಲೆ ಅದನ್ನು ಹುಡುಗನ ಕೈಗೆ ಕೊಟ್ಟು, "ಮುಷ್ಟಿ ಬಿಗಿ ಹಿಡಿ, ನಿಮ್ಮೂರಿನ ವಿಷಯ ಹೇಳು" ಅನ್ನುತ್ತಾಳೆ. ಅವನು ಊರು, ಜಾತ್ರೆ, ಅಕ್ಕನ ಮದುವೆ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಸ್ಪೂಲ್ ಬೆಚ್ಚಗಾಗಿರುತ್ತದೆ. ಮತ್ತೆ ಇಟ್ಟರೆ ಮುಳ್ಳು ಸರಿದಿರುತ್ತದೆ. 20 ಮಿಲಿಮೀಟರ್ ದಪ್ಪದ ಉಕ್ಕು 10 ಡಿಗ್ರಿ ಬಿಸಿಯಾದರೆ ಎರಡು ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿಯೇ ಉಬ್ಬುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ತನ್ನ ಕೈಬಿಸಿಗೆ ಉಕ್ಕು ಬೆಳೆದದ್ದನ್ನು ನೋಡಿದ ಹುಡುಗ ಮಾತ್ರ ಮುಂದೆ ಯಾವತ್ತೂ ಬಿಸಿ ಪೀಸ್ ತರುವುದಿಲ್ಲ. ಇನ್‌ಸ್ಪೆಕ್ಷನ್ ರೂಮಿನ ಎಸಿ 20 ಡಿಗ್ರಿಯಲ್ಲೇ ಯಾಕೆ ಇರಬೇಕು ಅಂತ ಕೂಡ ಕೇಳುವುದಿಲ್ಲ. ಜೊತೆಗೆ ಇವಳಿಗೆ ಅವನ ಅಕ್ಕನ ಹೆಸರೂ ಗೊತ್ತಾಗಿರುತ್ತದೆ!

ಪ್ರೊಡಕ್ಷನ್‌ನವರಿಗೂ ಕ್ವಾಲಿಟಿಯವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪೀಣ್ಯದ ಯಾವ ಕಾರ್ಖಾನೆಗೆ ಹೋದರೂ ಇದೇ ಕತೆ. ಅವರಿಗೆ ತಿಂಗಳ ಕೊನೆಯ ಟಾರ್ಗೆಟ್, ನಮಗೆ ಡ್ರಾಯಿಂಗ್. ನಮ್ಮಲ್ಲೂ ಆ ಜಗಳ ಇತ್ತು. ಅದು ಕಮ್ಮಿಯಾದದ್ದಕ್ಕೆ ಕಾರಣ ಇವಳು. ಪೀಸ್ ರಿಜೆಕ್ಟ್ ಆದರೆ ಕೆಂಪು ಟ್ರೇಗೆ ಹಾಕಿ ಚೀಟಿ ಅಂಟಿಸಿದರೆ ನಮ್ಮ ಕೆಲಸ ಮುಗಿಯಿತು. ಇವಳು ಹಾಗೆ ಮಾಡಲಿಲ್ಲ. ಪೀಸ್ ಹಿಡಿದುಕೊಂಡು ಮೆಷಿನ್ ಹತ್ತಿರವೇ ಹೋಗುತ್ತಿದ್ದಳು. ಆಪರೇಟರ್ ಒಪ್ಪದಿದ್ದರೆ ಒಂದೇ ಮಾತು: "ಬನ್ನಿ, ಸೇರಿ ಅಳೆಯೋಣ." ಗ್ರಾನೈಟ್ ಟೇಬಲ್ಲಿನ ಮುಂದೆ ಇಬ್ಬರೂ ನಿಂತು ಅಳೆಯುವಾಗ ಜಗಳಕ್ಕೆ ಜಾಗವೇ ಇರುವುದಿಲ್ಲ. ಎರಡು ಸಲ ಆಪರೇಟರ್ ಹೇಳಿದ್ದೇ ಸರಿ ಅಂತ ಆಯ್ತು, ಅವರ ಮುಂದೆಯೇ ರಿಪೋರ್ಟ್ ತಿದ್ದಿದಳು. ಅದರ ನಂತರ ಲೈನಿನಲ್ಲಿ ಇವಳ ಮಾತನ್ನು ಯಾರೂ ಪ್ರಶ್ನೆ ಮಾಡಲಿಲ್ಲ.

ವಾಲ್ವ್ ಸೋರುತ್ತಿದೆ ಅಂತ ಗ್ರಾಹಕರಿಂದ ಒಂದು ಲಾಟ್ ಪೂರ್ತಿ ವಾಪಸ್ ಬಂದಿತ್ತಲ್ಲ, ನೆನಪಿದೆಯಾ? ಮೀಟಿಂಗಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಒಂದೇ, ಯಾವ ಶಿಫ್ಟು, ಯಾರು ಮಾಡಿದ್ದು. ಕವಿತಾ ಕೇಳಿದ್ದು ಬೇರೆ. ಯಾವ ಡ್ರಿಲ್ಲು, ಹಾಕಿದ ಮೇಲೆ ಎಷ್ಟನೇ ಪೀಸು. ತೂತಿನ ಒಳಗೆ ನೋಡುವ ಬೋರ್‌ಸ್ಕೋಪ್ ಹಾಕಿ ಒಂದೊಂದೇ ವಾಲ್ವ್ ಬಾಡಿ ನೋಡಿದಳು. ಅಡ್ಡ ತೂತು ಬಂದು ಕೂಡುವ ಕಡೆ ಸಣ್ಣ ಬರ್, ಅಂದರೆ ಕೊರೆದಾಗ ಅಂಚಿನಲ್ಲಿ ಉಳಿಯುವ ಲೋಹದ ಚೂರು, ಉಳಿದಿತ್ತು. ಡ್ರಿಲ್ ಸವೆದಂತೆ ಬರ್ ದೊಡ್ಡದಾಗುತ್ತಾ ಹೋಗಿತ್ತು. ಅದು ಕಿತ್ತುಬಂದು ಸ್ಪೂಲ್ ಮೇಲೆ ಗೀರು ಬೀಳಿಸುತ್ತಿತ್ತು. ಟೂಲ್ ಬದಲಿಸುವ ಲೆಕ್ಕ ತಿದ್ದಿದೆವು, ಸಮಸ್ಯೆ ಹೋಯಿತು. ಯಾರ ಸಂಬಳವೂ ಕಟ್ ಆಗಲಿಲ್ಲ, ಯಾರೂ ತಲೆ ತಗ್ಗಿಸಬೇಕಾಗಲಿಲ್ಲ. ಆ ಶಿಫ್ಟಿನಲ್ಲಿದ್ದವರು ಇಲ್ಲೇ ನಿಂತಿದ್ದೀರಿ. ನೀವು ಇವತ್ತು ಯಾಕೆ ನಿಂತಿದ್ದೀರಿ ಅಂತ ನನಗೆ ಗೊತ್ತು.

ಈಗ ಸ್ವಲ್ಪ ಕಷ್ಟದ ಮಾತು. ಇದನ್ನು ಹೇಳದೆ ಸುಮ್ನೆ "ಶುಭವಾಗಲಿ" ಅಂದು ಕೂತರೆ ಇವಳಿಗೆ ಮರ್ಯಾದೆ ಕೊಟ್ಟಂತೆ ಆಗುವುದಿಲ್ಲ.

ಕವಿತಾ, ನೀನು ಹೋಗುವುದರಿಂದ ನಮಗೆ ನಷ್ಟ ಇದೆ. ಮುಂದಿನ ಕೆಲವು ತಿಂಗಳು ಫಸ್ಟ್ ಪೀಸ್ ಅಪ್ರೂವಲ್ ತಡವಾಗುತ್ತದೆ. ಪ್ರೊಡಕ್ಷನ್‌ನವರೇ, ಈಗಲೇ ಹೇಳಿಬಿಡುತ್ತೇನೆ, ನಂದಿನಿ ಮತ್ತು ಸಂತೋಷ್ ಮೇಲೆ ಕೂಗಾಡಬೇಡಿ. ಇಬ್ಬರೂ ಇವಳ ಹತ್ತಿರ ಚೆನ್ನಾಗಿ ಕಲಿತಿದ್ದಾರೆ. ಆದರೆ ಗೇಜ್ ಓದುವುದು ಕಲಿಸಬಹುದು, ನೂರು ಜನರ ನಂಬಿಕೆಯನ್ನು ಇವಳು ಕೈ ಬದಲಿಸಿ ಕೊಡುವುದಕ್ಕೆ ಆಗುವುದಿಲ್ಲ. ಅದನ್ನು ಅವರೇ ಗಳಿಸಬೇಕು. ಅವರಿಗೆ ಆ ಸಮಯ ಕೊಡಿ.

ಇನ್ನೊಂದು ಮಾತು ನಮ್ಮ ಆಫೀಸಿನವರಿಗೆ. ಕವಿತಾ ಹೋಗುತ್ತಿರುವುದು ದುಡ್ಡಿಗೆ ಮಾತ್ರ ಅಲ್ಲ. ಡಿಪ್ಲೊಮಾ ಮಾಡಿ ಬಂದ ಹುಡುಗಿಗೆ ಇಲ್ಲಿ ಸೀನಿಯರ್ ಇನ್‌ಸ್ಪೆಕ್ಟರ್ ಆದ ಮೇಲೆ ಏರುವುದಕ್ಕೆ ಮೆಟ್ಟಿಲೇ ಇಲ್ಲ. ಈ ಮಾತನ್ನು ನಾನು ಮೀಟಿಂಗಿನಲ್ಲೂ ಹೇಳಿದ್ದೇನೆ, ಪ್ರೀತಿಯಿಂದಲೇ ಇಲ್ಲೂ ಹೇಳುತ್ತಿದ್ದೇನೆ. ನಂದಿನಿಯ ಹೊತ್ತಿಗಾದರೂ ಆ ಮೆಟ್ಟಿಲು ಇರಲಿ.

ನನ್ನ ಸ್ವಂತ ನಷ್ಟ ಬೇರೆಯೇ ಇದೆ. ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನನ್ನ ಸೆಕೆಂಡ್ ಶಿಫ್ಟ್‌ಗಳನ್ನೆಲ್ಲ ಇವಳೇ ಮಾಡಿದಳು. ನಾನು ಕೇಳಿರಲಿಲ್ಲ. ರೋಸ್ಟರ್ ನೋಡಲು ಹೋದರೆ ನನ್ನ ಹೆಸರಿದ್ದ ಕಡೆ ಇವಳ ಹೆಸರಿತ್ತು. "ಏನೇ ಇದು?" ಅಂದರೆ, "ಅಕ್ಕ, ರಾತ್ರಿ ಟ್ರೈನು ಖಾಲಿ ಇರುತ್ತೆ, ಓದೋಕೆ ಒಳ್ಳೇದು" ಅಂದಳು. ಅದು ಸುಳ್ಳು ಅಂತ ಆ ಟ್ರೈನಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ನನಗೆ ತಂಗಿ ಇಲ್ಲ. ಕವಿತಾ, ಇದಕ್ಕಿಂತ ಜಾಸ್ತಿ ಹೇಳಿದರೆ ನನ್ನ ಕಣ್ಣಲ್ಲಿ ನೀರು ಬರುತ್ತದೆ, ಮುಂದೆ ಹೋಗುತ್ತೇನೆ.

ಓದು ಅಂದೆನಲ್ಲ, ಅದು ಜರ್ಮನ್. ತುಮಕೂರಿನಲ್ಲಿ ಟ್ರೈನ್ ಹತ್ತಿ ಚಿಕ್ಕಬಾಣಾವರದಲ್ಲಿ ಇಳಿಯುವವರೆಗೂ ಕಿವಿಗೆ ಇಯರ್‌ಫೋನು, ಕೈಯಲ್ಲಿ ಪುಸ್ತಕ. ಇಲ್ಲಿ ಬಂದರೆ ಇನ್‌ಸ್ಟ್ರುಮೆಂಟ್ ಬಾಕ್ಸ್‌ಗಳ ಮೇಲೆಲ್ಲ ಜರ್ಮನ್ ಚೀಟಿ. ಸ್ಟೋರ್ಸ್‌ನ ಹುಡುಗರು ಈಗ ವರ್ನಿಯರ್ ಕ್ಯಾಲಿಪರ್‌ಗೆ "ಮೆಸ್‌ಶೀಬರ್ ಕೊಡ್ಲಾ?" ಅನ್ನುತ್ತಾರೆ. ನಮ್ಮ ಸೆಕ್ಯುರಿಟಿ ಅಣ್ಣ ಬೆಳಿಗ್ಗೆ ಗೇಟಿನಲ್ಲಿ "ಗುಟೆನ್ ಮಾರ್ಗನ್" ಹೇಳುವುದನ್ನು ನಿಲ್ಲಿಸಬಾರದು ಅಂತ ನನ್ನ ವಿನಂತಿ. ಅದು ಮುಂದುವರಿಯಲಿ.

ಎಸ್ಲಿಂಗನ್ ಎಲ್ಲಿದೆ ಅಂತ ಮ್ಯಾಪಿನಲ್ಲಿ ಹುಡುಕಿದೆ. ಸ್ಟಟ್‌ಗಾರ್ಟ್ ಪಕ್ಕದಲ್ಲೇ, ನೆಕಾರ್ ನದಿಯ ದಡ, ಮೇಲೆ ದ್ರಾಕ್ಷಿ ತೋಟದ ಇಳಿಜಾರು. ಆ ಊರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ತಂದರಲ್ಲ, ಕನ್ನಡದ ಮೊದಲ ಪತ್ರಿಕೆ, ಅವರು 1881ರಲ್ಲಿ ತೀರಿಕೊಂಡದ್ದು ಅದೇ ಎಸ್ಲಿಂಗನ್‌ನಲ್ಲಿ. ನಿಘಂಟಿನ ಕಿಟೆಲ್ ಕೊನೆಗಾಲದಲ್ಲಿ ಇದ್ದದ್ದೂ ಅಲ್ಲಿಂದ ದೂರವಿಲ್ಲದ ಟ್ಯೂಬಿಂಗನ್‌ನಲ್ಲಿ. ಆ ದೇಶದಿಂದ ಬಂದವರು ನಮ್ಮ ಭಾಷೆಯನ್ನು ಕಲಿತು, ಅಚ್ಚು ಹಾಕಿ, ಪದ ಪದ ಜೋಡಿಸಿಟ್ಟರು. ಈಗ ನಮ್ಮ ತುಮಕೂರಿನ ಹುಡುಗಿ ಅವರ ದೇಶಕ್ಕೆ ಅವರ ಭಾಷೆ ಕಲಿತುಕೊಂಡೇ ಹೋಗುತ್ತಿದ್ದಾಳೆ. ನನಗೆ ಇದು ಬಹಳ ಹೆಮ್ಮೆಯ ವಿಷಯ.

ಕೆಲವು ದಿನ ಅಲ್ಲಿ ಬೇಜಾರಾಗುತ್ತದೆ, ಅದನ್ನೂ ಮುಚ್ಚಿಡುವುದು ಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಹಾಲು ತರಕಾರಿ ಶನಿವಾರವೇ ತಂದಿಡು. ಮೊದಲ ದಿನಗಳಲ್ಲಿ ಮೀಟಿಂಗಿನಲ್ಲಿ ಎಲ್ಲರೂ ನಕ್ಕಾಗ ಯಾಕೆ ನಕ್ಕರು ಅಂತ ನಿನಗೆ ಗೊತ್ತಾಗದೆ ಇರಬಹುದು. ಆದರೆ ಕೆಲಸದ ವಿಷಯದಲ್ಲಿ ನನಗೆ ಒಂದಿಷ್ಟೂ ಚಿಂತೆ ಇಲ್ಲ. ಅಲ್ಲಿನ ಮೈಕ್ರಾನೂ ಇಲ್ಲಿನಷ್ಟೇ ಉದ್ದ.

ನಾವೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದೇವೆ. ಮೊದಲ ಆರು ತಿಂಗಳು ಕೆಲಸದ ವಿಷಯಕ್ಕೆ ನಿನಗೆ ಯಾರೂ ಫೋನ್ ಮಾಡುವುದಿಲ್ಲ. "ಮೇಡಂ, ಆ ಏರ್ ಗೇಜ್ ಸೆಟ್ಟಿಂಗ್ ಹೇಗೆ" ಅಂತ ಒಂದು ಮೆಸೇಜೂ ಬರುವುದಿಲ್ಲ. ನಿನ್ನ ಹೊಸ ಕೆಲಸಕ್ಕೆ ನಿನ್ನ ಪೂರ್ತಿ ತಲೆ ಬೇಕು. ಮಗು ಹುಟ್ಟಿದ್ದು, ಗೃಹಪ್ರವೇಶ, ಕ್ಯಾಂಟೀನಿನ ಜಗಳ, ಇದಕ್ಕೆಲ್ಲ ಖಂಡಿತ ಫೋನ್ ಬರುತ್ತದೆ. ಚಳಿಗಾಲದಲ್ಲಿ ನೀನು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತೀಯ. ನೀನು ಬೆಳಿಗ್ಗೆ ಟೀ ಕುಡಿಯುವಾಗ ನಮಗೆ ಊಟದ ಹೊತ್ತು, ಆಗ ಮಾಡುತ್ತೇವೆ. ಅಮ್ಮಾ, ನನ್ನ ನಂಬರು, ನಂದಿನಿ ನಂಬರು ಎರಡೂ ನಿಮ್ಮ ಫೋನಿನಲ್ಲಿ ಸೇವ್ ಮಾಡಿಕೊಟ್ಟಿದ್ದೇವೆ. ಡಾಕ್ಟರ ಹತ್ತಿರ ಹೋಗುವುದಿರಲಿ, ಗ್ಯಾಸ್ ಬುಕ್ ಮಾಡುವುದಿರಲಿ, ಸಂಕೋಚ ಬೇಡ.

ಈಗ ಉಡುಗೊರೆ. ಟೂಲ್ ರೂಮಿನ ರಮೇಶಣ್ಣ ಮುಂದೆ ಬನ್ನಿ. ಈ ಡಬ್ಬದಲ್ಲಿ ಇಂಡಕ್ಷನ್ ಒಲೆಗೆ ಆಗುವ ಮೂರು ಲೀಟರ್ ಕುಕ್ಕರ್ ಇದೆ. ಗ್ಯಾಸ್ಕೆಟ್ ನಾಲ್ಕು ಜಾಸ್ತಿ ಇಟ್ಟಿದ್ದೇವೆ, ಸೋರಿಕೆ ಅಂದರೆ ಈ ಮನೆಯವರಿಗೆ ಆಗುವುದಿಲ್ಲ. ಇದು ಮುದ್ದೆ ಕೋಲು. ರಮೇಶಣ್ಣ ತಮ್ಮ ಕೈಯಾರೆ ಮರ ಆರಿಸಿ ಲೇತಿನಲ್ಲಿ ತಿರುಗಿಸಿದ್ದಾರೆ. ಡ್ರಾಯಿಂಗೂ ಮಾಡಿ, ಟಾಲರೆನ್ಸ್ ಹಾಕಿ, ಲ್ಯಾಮಿನೇಟ್ ಮಾಡಿಸಿ ಜೊತೆಗೆ ಇಟ್ಟಿದ್ದಾರೆ. ಕೆಳಗೆ ಇನ್‌ಸ್ಪೆಕ್ಟರ್ ಸಹಿ ಮಾಡುವ ಜಾಗ ಖಾಲಿ ಬಿಟ್ಟಿದ್ದಾರೆ.

ಕವಿತಾ, ಬಾ. ಇಗೋ ಪೆನ್ನು, ಇಗೋ ಮೆಸ್‌ಶೀಬರ್. ಎಲ್ಲರೂ ನೋಡುತ್ತಿದ್ದಾರೆ, ಸರಿಯಾಗಿ ಅಳೆದು ಸಹಿ ಮಾಡು. ಆಮೇಲೆ ಮೈಕ್ ನಿನ್ನದು, ನೀನು ಎಷ್ಟು ಹೊತ್ತು ಮಾತಾಡಿದರೂ ಕೇಳುತ್ತೇವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಂದಾಗಿದೆ, ಯಾರೂ ತಿನ್ನದೆ ಹೋಗಬೇಡಿ.