ಎರಡನೇ ತರಗತಿಯ ನಿಯಮಗಳು: ಮಾಡಿ, ಮಾಡಬೇಡಿ, ಮಾಡೋಣ

ಮಕ್ಕಳೇ, ಬನ್ನಿ. ಗೋಡೆಯ ಹತ್ತಿರ ಬನ್ನಿ. ಹಿಂದೆ ಇರುವವರಿಗೂ ಕಾಣಬೇಕು, ಮುಂದಿನವರು ಕೂತುಕೊಳ್ಳಿ.

ಈ ಹಾಳೆ ವರ್ಷ ಪೂರ್ತಿ ಇಲ್ಲೇ ಇರುತ್ತದೆ. ನಿಮ್ಮ ಕಣ್ಣಿಗೆ ಸಿಗುವ ಎತ್ತರದಲ್ಲೇ ಅಂಟಿಸಿದ್ದೇನೆ. ಮೊದಲು ನಾನು ಓದುತ್ತೇನೆ, ಆಮೇಲೆ ನೀವು ಓದಿ. ಗೊತ್ತಿಲ್ಲದ ಅಕ್ಷರ ಬಂದರೆ ಕೇಳಿ. ತಪ್ಪಾದೀತು ಅಂತ ಹೆದರಬೇಡಿ. ತಪ್ಪಾದರೆ ಸೇರಿ ತಿದ್ದೋಣ.

ಈಗ ಹೇಳಿದ ಮೂರು ಮಾತು ಕೇಳಿಸಿಕೊಂಡಿರಾ? 'ಕೇಳಿ.' 'ಹೆದರಬೇಡಿ.' 'ತಿದ್ದೋಣ.' ಈ ಹಾಳೆ ತುಂಬಾ ಇರುವುದು ಈ ಮೂರು ಥರದ ಮಾತುಗಳೇ. 'ಮಾಡಿ' ಅಂತ ಇರುವುದನ್ನು ಹಸಿರು ಬಣ್ಣದಲ್ಲಿ ಬರೆದಿದ್ದೇನೆ. 'ಬೇಡಿ' ಅಂತ ಇರುವುದು ಕೆಂಪು. 'ಓಣ' ಅಂತ ಕೊನೆಯಾಗುವುದು ನೀಲಿ. ನೀಲಿ ಮಾತುಗಳು ನನಗೆ ಜಾಸ್ತಿ ಇಷ್ಟ. 'ಮಾಡಿ' ಅಂದರೆ ನೀವು ಮಾಡುತ್ತೀರಿ. 'ಮಾಡೋಣ' ಅಂದರೆ ನಿಮ್ಮ ಜೊತೆ ನಾನೂ ಮಾಡಬೇಕು. ನಾನು ಮರೆತರೆ 'ಟೀಚರ್, ನೀವೂ ಬನ್ನಿ' ಅಂತ ಕರೆಯಿರಿ. ನನಗೆ ಸ್ವಲ್ಪವೂ ಬೇಜಾರಾಗುವುದಿಲ್ಲ.

ಬೆಳಿಗ್ಗೆ, ಬಾಗಿಲ ಬಳಿ

ಚಪ್ಪಲಿ, ಶೂ ಹೊರಗೆ ಸಾಲಾಗಿ ಬಿಡಿ. ಎಡಗಾಲಿನದು ಬಲಗಾಲಿನದರ ಪಕ್ಕದಲ್ಲೇ ಇರಲಿ.

ಒಳಗೆ ಬರುವಾಗ ತಳ್ಳಬೇಡಿ. ಬಾಗಿಲು ಒಂದೇ, ನೀವು 32 ಜನ. ಒಬ್ಬರ ಹಿಂದೆ ಒಬ್ಬರು ಬನ್ನಿ. ಎಲ್ಲರೂ ಒಳಗೆ ಬರುವವರೆಗೆ ನಾನು ಪಾಠ ಶುರು ಮಾಡುವುದಿಲ್ಲ. ಹಾಗಾಗಿ ಕೊನೆಯಲ್ಲಿ ಬಂದವರಿಗೂ ಏನೂ ತಪ್ಪಿಹೋಗುವುದಿಲ್ಲ.

ತಡವಾಗಿ ಬಂದರೆ ಬಾಗಿಲಲ್ಲೇ ನಿಂತು ಅಳಬೇಡಿ. ಸುಮ್ಮನೆ ಒಳಗೆ ಬನ್ನಿ, ನಿಮ್ಮ ಜಾಗದಲ್ಲಿ ಕೂತುಕೊಳ್ಳಿ. ಯಾಕೆ ತಡವಾಯಿತು ಅಂತ ಆಮೇಲೆ ನನ್ನ ಹತ್ತಿರ ಹೇಳಿದರೆ ಸಾಕು. ತಡವಾಗಿ ಬಂದವರನ್ನು ನೋಡಿ ಉಳಿದವರು ನಗಬೇಡಿ. ನಾಳೆ ನಿಮಗೂ ತಡವಾಗಬಹುದು, ಅಲ್ವಾ?

ಎಲ್ಲರೂ ಕೂತ ಮೇಲೆ ಪಕ್ಕದವರಿಗೆ ನಮಸ್ಕಾರ ಹೇಳೋಣ. ಯಾರು ಬಂದಿಲ್ಲ ಅಂತ ನೋಡೋಣ.

ಮಾತಾಡುವಾಗ, ಕೇಳುವಾಗ

'ಕೈ ಕಟ್ಟು, ಬಾಯಿ ಮುಚ್ಚು' ಅಂತ ನಾನು ಈ ಕೋಣೆಯಲ್ಲಿ ಹೇಳುವುದಿಲ್ಲ. ಬಾಯಿ ಮುಚ್ಚಿದ ಮಗು ಪ್ರಶ್ನೆ ಕೇಳುವುದು ಹೇಗೆ? ಆದರೆ 32 ಜನ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಈ ನಿಯಮಗಳು.

ಮಾತಾಡಬೇಕಾದರೆ ಕೈ ಎತ್ತಿ. ನಾನು ಹೆಸರು ಕರೆಯುವವರೆಗೆ ಕಾಯಿರಿ. ಎತ್ತಿದ ಕೈ ನನಗೆ ಕಾಣಿಸುತ್ತದೆ, 'ಟೀಚರ್, ಟೀಚರ್' ಅಂತ ಕೂಗಬೇಡಿ.

ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಅವರ ಮುಖ ನೋಡಿ ಕೇಳಿಸಿಕೊಳ್ಳಿ. ಅವರಿಗೆ ಉತ್ತರ ಹೊಳೆಯದಿದ್ದರೆ ಕಿವಿಯಲ್ಲಿ ಹೇಳಿಕೊಡಬೇಡಿ. ಅವರು ಯೋಚಿಸುತ್ತಿದ್ದಾರೆ. ಯೋಚಿಸಲು ಬಿಡಿ. ನಾವೆಲ್ಲ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸೋಣ. ಅಷ್ಟರಲ್ಲಿ ಎಷ್ಟೋ ಸಲ ಉತ್ತರ ಬಂದುಬಿಡುತ್ತದೆ.

ಉತ್ತರ ತಪ್ಪಾದರೆ 'ಅಯ್ಯೋ, ಇಷ್ಟೂ ಗೊತ್ತಿಲ್ವಾ' ಅನ್ನಬೇಡಿ. ಈ ಮಾತನ್ನು ನಾನೂ ಅನ್ನುವುದಿಲ್ಲ.

ಅರ್ಥ ಆಗದಿದ್ದರೆ ಅರ್ಥ ಆದವರ ಹಾಗೆ ತಲೆ ಆಡಿಸಬೇಡಿ. 'ಇನ್ನೊಂದು ಸಲ ಹೇಳಿ' ಅನ್ನಿ. ಎಷ್ಟು ಸಲ ಬೇಕಾದರೂ ಅನ್ನಿ.

'ಕೊಡು' ಮತ್ತು 'ಕೊಡಿ'

ಇದೊಂದನ್ನು ಸ್ವಲ್ಪ ನಿಧಾನವಾಗಿ ಓದೋಣ. ತರಗತಿಯಲ್ಲಿ ಆಗುವ ಜಗಳಗಳಲ್ಲಿ ತುಂಬಾ ಜಗಳ ಶುರುವಾಗುವುದು ರಬ್ಬರ್, ಪೆನ್ಸಿಲ್ ಕೇಳುವಾಗಲೇ.

ಗೆಳೆಯರ ಹತ್ತಿರ 'ಕೊಡು' ಅನ್ನುತ್ತೇವೆ. ದೊಡ್ಡವರ ಹತ್ತಿರ, ತುಂಬಾ ಜನರ ಹತ್ತಿರ 'ಕೊಡಿ' ಅನ್ನುತ್ತೇವೆ. ಕೊನೆಯಲ್ಲಿ ಒಂದು 'ಇ' ಬಂದರೆ ಮಾತಿನಲ್ಲಿ ಮರ್ಯಾದೆ ಬರುತ್ತದೆ. ಓದು, ಓದಿ. ಹೇಳು, ಹೇಳಿ. ನೋಡು, ನೋಡಿ. 'ಬಾ', 'ತಾ' ಇವೆರಡು ಬೇರೆ ಥರ: ಬಾ, ಬನ್ನಿ, ತಾ, ತನ್ನಿ. 'ಬೇಡ' ಸೇರಿಸಿದಾಗ ಇವು ಇನ್ನೊಂದು ಸಲ ಬದಲಾಗುತ್ತವೆ: ಬರಬೇಡ, ಬರಬೇಡಿ, ತರಬೇಡ, ತರಬೇಡಿ. 'ಓಣ' ಬಂದರೆ ಬರೋಣ, ತರೋಣ. ಎಲ್ಲರೂ ಒಟ್ಟಿಗೆ ಹೇಳಿ ನೋಡೋಣ: ಬಾ, ಬನ್ನಿ, ಬರಬೇಡಿ, ಬರೋಣ!

ಅಡುಗೆಮನೆಯಲ್ಲಿ, ಅಂಗಳದಲ್ಲಿ, ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುವವರ ಹತ್ತಿರವೂ 'ಬನ್ನಿ', 'ಕೊಡಿ' ಅಂತಲೇ ಮಾತಾಡಿ. ಅವರು ನಿಮಗಿಂತ ದೊಡ್ಡವರು. ಟೀಚರಿಗೆ 'ಕೊಡಿ', ಕಸ ಗುಡಿಸುವವರಿಗೆ 'ಕೊಡು' ಅಂತ ಎರಡು ಥರ ಮಾಡಬೇಡಿ.

ಇನ್ನು ಗೆಳೆಯರಿಗೆ 'ಕೊಡು' ಅನ್ನುವುದು ತಪ್ಪಲ್ಲ. ಆದರೆ 'ಸ್ವಲ್ಪ ಕೊಡ್ತೀಯಾ?' ಅಂತ ಕೇಳಿ ನೋಡಿ. ಕೊಡುವವರಿಗೂ ಖುಷಿಯಾಗುತ್ತದೆ. ಕೇಳದೆ ಯಾರ ಚೀಲಕ್ಕೂ ಕೈ ಹಾಕಬೇಡಿ. ಅವರು 'ಇಲ್ಲ' ಅಂದರೆ ಕಿತ್ತುಕೊಳ್ಳಬೇಡಿ. ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇದೆ, ಅದರಲ್ಲಿ ಹತ್ತು ಪೆನ್ಸಿಲ್ ಇವೆ. ಬೇಕಾದವರು ತೆಗೆದುಕೊಳ್ಳಿ, ಸಂಜೆ ವಾಪಸ್ ಇಡಿ. ಮನೆಗೆ ಹೋಗುವ ಮುಂಚೆ ಒಟ್ಟಿಗೆ ಎಣಿಸೋಣ.

ಓದುವಾಗ, ಬರೆಯುವಾಗ

ಬೆನ್ನು ನೆಟ್ಟಗೆ ಇಟ್ಟು ಕೂರಿ. ಪುಸ್ತಕಕ್ಕೆ ಮೂಗು ತಾಗಿಸಿ ಓದಬೇಡಿ. ಕಣ್ಣಿಗೂ ಪುಸ್ತಕಕ್ಕೂ ನಡುವೆ ನಿಮ್ಮ ಉದ್ದದ ಸ್ಕೇಲಿನಷ್ಟು, ಅಂದರೆ 30 ಸೆಂಟಿಮೀಟರ್ ಜಾಗ ಇರಲಿ. ಬೋರ್ಡ್ ಮೇಲಿನ ಅಕ್ಷರ ಮಸುಕಾಗಿ ಕಂಡರೆ ತಕ್ಷಣ ಹೇಳಿ. ಪಕ್ಕದವರ ಪುಸ್ತಕ ನೋಡಿ ಬರೆದುಕೊಂಡು ಸುಮ್ನೆ ಇರಬೇಡಿ. ನಿಮ್ಮನ್ನು ಮುಂದೆ ಕೂರಿಸುತ್ತೇನೆ, ಮನೆಯವರಿಗೂ ಹೇಳುತ್ತೇನೆ.

ಪೆನ್ಸಿಲ್ ಬಾಯಿಗೆ ಹಾಕಬೇಡಿ. ಪೆನ್ಸಿಲ್ ಹಿಡಿದುಕೊಂಡು ಓಡಬೇಡಿ. ಕತ್ತರಿ ಕೊಡುವಾಗ ಚೂಪು ತುದಿ ನಿಮ್ಮ ಕೈಯಲ್ಲಿ ಮುಚ್ಚಿರಲಿ, ಹಿಡಿ ಗೆಳೆಯರ ಕಡೆಗೆ ಇರಲಿ. ಇದನ್ನು ಈಗಲೇ ಒಂದು ಸಲ ಮಾಡಿ ನೋಡೋಣ.

ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ನಿಲ್ಲಿಸಿ ತೂಗಬೇಡಿ. ಹಿಂದಕ್ಕೆ ಬಿದ್ದರೆ ಮೊದಲು ನೆಲಕ್ಕೆ ಬಡಿಯುವುದು ತಲೆ.

ಬರೆದದ್ದು ತಪ್ಪಾದರೆ ಹಾಳೆ ಹರಿಯಬೇಡಿ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾಗಿ ಬರೆಯಿರಿ. ನೀವು ಎಲ್ಲಿ ತಪ್ಪಿದಿರಿ ಅಂತ ನನಗೆ ಕಂಡರೇ ನಾನು ಹೇಳಿಕೊಡಲು ಆಗುವುದು.

ಕೈ ತೊಳೆಯುವುದು, ಸೀನುವುದು

ಊಟಕ್ಕೆ ಮುಂಚೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. 20 ಸೆಕೆಂಡ್ ಉಜ್ಜಿ. ಗಡಿಯಾರ ಬೇಡ. 'ಅ'ದಿಂದ 'ಳ'ವರೆಗೆ ನಿಧಾನವಾಗಿ ಹೇಳಿಕೊಳ್ಳಿ, ಸಾಕಷ್ಟು ಹೊತ್ತಾಗುತ್ತದೆ. ಬೆರಳ ಸಂದು, ಹೆಬ್ಬೆರಳು, ಉಗುರಿನ ಅಡಿ ಮರೆಯಬೇಡಿ. ಉಜ್ಜುವಾಗ ನಲ್ಲಿ ಬಿಟ್ಟು ನಿಲ್ಲಬೇಡಿ, ನೀರು ಹರಿದುಹೋಗುತ್ತದೆ.

ಕೆಮ್ಮು, ಸೀನು ಬಂದರೆ ಅಂಗೈ ಅಡ್ಡ ಹಿಡಿಯಬೇಡಿ, ಮೊಣಕೈಯೊಳಗೆ ಸೀನಿ. ಅಂಗೈಗೆ ಸೀನಿದರೆ ಅದೇ ಕೈ ಬಾಗಿಲಿಗೆ, ಪುಸ್ತಕಕ್ಕೆ, ಗೆಳೆಯರ ಕೈಗೆ ತಾಗುತ್ತದೆ. ಹಾಗೇ ನೆಗಡಿಯೂ ಹೋಗುತ್ತದೆ.

ಶೌಚಾಲಯಕ್ಕೆ ಹೋಗಬೇಕು ಅನ್ನಿಸಿದರೆ ತಡೆದುಕೊಳ್ಳಬೇಡಿ. ಎರಡು ಬೆರಳು ಎತ್ತಿ ತೋರಿಸಿ, ಹೋಗಿ ಬನ್ನಿ. ಪಾಠದ ನಡುವೆಯೂ ಹೋಗಬಹುದು. ಬಟ್ಟೆ ಒದ್ದೆಯಾದರೆ ನಾಚಿಕೊಳ್ಳಬೇಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿ. ಬೇರೆ ಬಟ್ಟೆ ನನ್ನ ಅಲಮಾರಿಯಲ್ಲಿ ಇದೆ.

ಆಟದ ಹೊತ್ತು

ಇಲ್ಲಿ ನಿಯಮ ಕಡಿಮೆ. ಓಡಿ, ಕುಣಿಯಿರಿ, ಕೂಗಿ. ಮೆಟ್ಟಿಲ ಮೇಲೆ ಮಾತ್ರ ಓಡಬೇಡಿ.

ಯಾರಾದರೂ ಒಬ್ಬರೇ ನಿಂತಿದ್ದರೆ 'ಬಾ, ಆಡೋಣ' ಅಂತ ಕರೆಯಿರಿ. 'ನೀನು ಬರಬೇಡ' ಅನ್ನಬೇಡಿ. ಈ ಹಾಳೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಮಾತುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಬಿದ್ದ ಗಾಯ ನಾಲ್ಕು ದಿನದಲ್ಲಿ ಮಾಯುತ್ತದೆ. 'ನೀನು ಬರಬೇಡ' ಅನ್ನಿಸಿಕೊಂಡ ಮಗು ರಾತ್ರಿ ಮಲಗುವಾಗಲೂ ಅದನ್ನೇ ನೆನೆಯುತ್ತದೆ. ಆಟಕ್ಕೆ ಜನ ಜಾಸ್ತಿಯಾದರೆ ಆಟವನ್ನೇ ಬದಲಾಯಿಸೋಣ. ಹೇಗೆ ಅಂತ ತಿಳಿಯದಿದ್ದರೆ ನನ್ನನ್ನು ಕರೆಯಿರಿ.

ಜಗಳ ಬಂದರೆ ಒಬ್ಬರು ಹೇಳಿ, ಇನ್ನೊಬ್ಬರು ಕೇಳಿ. ಆಮೇಲೆ ಜಾಗ ಬದಲಾಯಿಸೋಣ: ಕೇಳಿದವರು ಹೇಳಿ, ಹೇಳಿದವರು ಕೇಳಿ.

ನಾಲ್ಕು 'ಬಾರದು'

'ಬೇಡಿ' ಅನ್ನುವುದಕ್ಕಿಂತ ಗಟ್ಟಿಯಾದ ಮಾತು ಇನ್ನೊಂದಿದೆ. ಅದು 'ಬಾರದು'. ಅದನ್ನು ಎಲ್ಲಾ ಕಡೆ ಬಳಸಿದರೆ ಅದರ ಬಲ ಹೋಗುತ್ತದೆ. ಅದಕ್ಕೇ ನಾಲ್ಕೇ ನಾಲ್ಕು ಸಲ ಬರೆದಿದ್ದೇನೆ.

ಕರೆಂಟಿನ ಪ್ಲಗ್, ವೈರ್ ಮುಟ್ಟಬಾರದು. ಒದ್ದೆ ಕೈಯಲ್ಲಿ ಸ್ವಿಚ್ಚನ್ನೂ ಮುಟ್ಟಬೇಡಿ.

ನನಗೆ ಹೇಳದೆ ಗೇಟಿನ ಹೊರಗೆ ಹೋಗಬಾರದು. 'ನಿಮ್ಮ ಮನೆಯವರು ಕಳಿಸಿದ್ದಾರೆ, ಬಾ' ಅಂತ ಯಾರೇ ಕರೆದರೂ ಮೊದಲು ನನ್ನ ಹತ್ತಿರ ಓಡಿ ಬನ್ನಿ. ಇಲ್ಲಿ ಓಡಬಹುದು.

ಯಾರನ್ನೂ ಹೊಡೆಯಬಾರದು. ನಾನೂ ನಿಮ್ಮನ್ನು ಹೊಡೆಯುವುದಿಲ್ಲ.

ಇನ್ನೊಂದು ಮಾತು. ಯಾರಾದರೂ ನಿಮ್ಮನ್ನು ನಿಮಗೆ ಇಷ್ಟವಾಗದ ಹಾಗೆ ಮುಟ್ಟಿದರೆ 'ಬೇಡ' ಅನ್ನಿ. ಜೋರಾಗಿ ಅನ್ನಿ. ದೊಡ್ಡವರಾದರೂ ಸರಿ, ಅಲ್ಲಿ 'ಬೇಡಿ' ಅಂತ ಮರ್ಯಾದೆ ಕೊಡಬೇಕಾಗಿಲ್ಲ. ಅಲ್ಲಿಂದ ಬಂದುಬಿಡಿ, ನನಗೆ ಅಥವಾ ಮನೆಯಲ್ಲಿ ನೀವು ನಂಬುವ ದೊಡ್ಡವರಿಗೆ ಹೇಳಿ. 'ಯಾರಿಗೂ ಹೇಳಬೇಡ' ಅಂತ ಅವರು ಹೇಳಿದ್ದರೂ ಹೇಳಿ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಬೆಂಕಿಯ ಗಂಟೆ ಬಿಡದೆ ಬಾರಿಸಿದರೆ ಚೀಲ ಹುಡುಕಬೇಡಿ, ಶೂ ಹಾಕಿಕೊಳ್ಳಬೇಡಿ. ಸಾಲಾಗಿ, ಬೇಗ ಬೇಗ ನಡೆದು ಮೈದಾನಕ್ಕೆ ಬನ್ನಿ. ಅಲ್ಲಿ ನಾನು ಹೆಸರು ಕೂಗಿದಾಗ 'ಇದ್ದೇನೆ' ಅನ್ನಿ. ಹೊರಗೆ ಬಂದ ಮೇಲೆ ಮತ್ತೆ ಒಳಗೆ ಹೋಗಬಾರದು. ನಾಳೆ ಮಧ್ಯಾಹ್ನ ಇದನ್ನು ಸುಮ್ನೆ ಒಂದು ಸಲ ಅಭ್ಯಾಸ ಮಾಡೋಣ.

ಈ ಹಾಳೆಯ ಬಗ್ಗೆ

ಕೆಳಗೆ ನೀಲಿ ಬಣ್ಣದಲ್ಲಿ ಮೂರು ಸಾಲು ಖಾಲಿ ಬಿಟ್ಟಿದ್ದೇನೆ. ಅವು ನಿಮ್ಮವು. ಶುಕ್ರವಾರ ಕೂತು ಮಾತಾಡೋಣ. ನಮ್ಮ ತರಗತಿಯಲ್ಲಿ ಇನ್ನೇನು ಮಾಡೋಣ ಅಂತ ನೀವು ಹೇಳಿ, ಎಲ್ಲರೂ ಒಪ್ಪಿದ್ದನ್ನು ನಿಮ್ಮಲ್ಲೇ ಒಬ್ಬರು ಬರೆಯಿರಿ. ಯಾವುದಾದರೂ ನಿಯಮ ಸರಿಯಿಲ್ಲ ಅನ್ನಿಸಿದರೆ ಅದನ್ನೂ ಹೇಳಿ. ಯಾಕೆ ಅಂತ ಕಾರಣ ಕೊಡಿ. ಕಾರಣ ಸರಿಯಿದ್ದರೆ ಅಳಿಸೋಣ. ಆ ನಾಲ್ಕು 'ಬಾರದು' ಮಾತ್ರ ಅಳಿಸುವುದಿಲ್ಲ.

ಈಗ ಗಂಟೆ ಆಗುವ ಹೊತ್ತು. ಡಬ್ಬಿಯ ಪೆನ್ಸಿಲ್ ವಾಪಸ್ ತನ್ನಿ. ನೆಲದ ಮೇಲಿನ ಕಾಗದದ ಚೂರು ಹೆಕ್ಕಿ, ನಿಮ್ಮದಲ್ಲದಿದ್ದರೂ ಹೆಕ್ಕಿ. ನೀರಿನ ಬಾಟಲಿ ಮರೆಯಬೇಡಿ. ಕುರ್ಚಿ ಒಳಗೆ ತಳ್ಳಿ. ಎಣಿಸೋಣ ಬನ್ನಿ: ಒಂದು, ಎರಡು, ಮೂರು...