ದೀಪಾವಳಿಗೆ ಗಾಣದ ಎಣ್ಣೆ ಬೇಕಿದ್ದರೆ ಈ ಭಾನುವಾರದೊಳಗೆ ತಿಳಿಸಿ

ನಮಸ್ಕಾರ. ನಾನು ಮಂಜುಳಾ, ತುಮಕೂರು ಅಶೋಕನಗರದ ಮರದ ಗಾಣದವರು. ನೀವು ನಮ್ಮಲ್ಲಿ ಒಮ್ಮೆಯಾದರೂ ಎಣ್ಣೆ ತೆಗೆದುಕೊಂಡು ಪುಸ್ತಕದಲ್ಲಿ ನಂಬರ್ ಬರೆಸಿದ್ದೀರಿ. ಅದಕ್ಕೇ ಈ ಮೆಸೇಜ್. ಪುಸ್ತಕದಲ್ಲಿ ಹೆಸರು ಇರುವವರಿಗೆ ಬಿಟ್ಟು ಬೇರೆ ಯಾರಿಗೂ ಕಳಿಸಿಲ್ಲ.

ವಿಷಯ ಇಷ್ಟು. ಅಕ್ಟೋಬರ್ 12, ಭಾನುವಾರ ರಾತ್ರಿ 9ರೊಳಗೆ ಎಷ್ಟು ಎಣ್ಣೆ ಬೇಕು ಅಂತ ತಿಳಿಸಿದರೆ ಹಬ್ಬದ ಬೆಲೆಗೆ ಕೊಡುತ್ತೇವೆ. 18ನೇ ತಾರೀಕು ಶನಿವಾರ, ಅಂದರೆ ನೀರು ತುಂಬುವ ಹಬ್ಬದ ಹಿಂದಿನ ದಿನ, ಎಣ್ಣೆ ನಿಮ್ಮ ಕೈಯಲ್ಲಿರುತ್ತದೆ.

*ಕಡಲೆಕಾಯಿ ಎಣ್ಣೆ:* ಲೀಟರಿಗೆ 310 ರೂ. (ಎಂದಿನ ಬೆಲೆ 340)
*ಕಡಲೆಕಾಯಿ ಎಣ್ಣೆ, 5 ಲೀಟರ್ ಕ್ಯಾನ್:* 1,500 ರೂ.
*ಎಳ್ಳೆಣ್ಣೆ:* ಲೀಟರಿಗೆ 460 ರೂ. (ಎಂದಿನ ಬೆಲೆ 500), ಅರ್ಧ ಲೀಟರ್ 235 ರೂ.
*ದೀಪದ ಎಳ್ಳೆಣ್ಣೆ:* ಅರ್ಧ ಲೀಟರ್ 120 ರೂ.

ಕೊಬ್ಬರಿ ಎಣ್ಣೆಗೆ ಈ ಸಲ ಬೆಲೆ ಇಳಿಸಲು ಆಗಲಿಲ್ಲ. ತಿಪಟೂರಿನಲ್ಲಿ ಈ ವರ್ಷ ಕೊಬ್ಬರಿ ಯಾವ ಬೆಲೆಗೆ ಹೋಯಿತು ಅಂತ ನಿಮಗೂ ಗೊತ್ತಲ್ವಾ. ಮೊದಲು ಬೆಲೆ ಏರಿಸಿ ಆಮೇಲೆ ಆಫರ್ ಅಂತ ಇಳಿಸುವುದು ನಮಗೆ ಬೇಡ. ಎಂದಿನ ಬೆಲೆಗೆ ಸಿಗುತ್ತದೆ, ಬೇಕಾದವರು ಕೇಳಿ.

ಭಾನುವಾರವೇ ಯಾಕೆ ಕಡೇ ದಿನ ಅಂತ ಹೇಳಿಬಿಡುತ್ತೇನೆ. ಗಾಣಕ್ಕೆ ಒಂದು ಸಲಕ್ಕೆ 15 ಕೆಜಿ ಕಡಲೆಬೀಜ ಹಾಕುತ್ತೇವೆ. ಹೆಚ್ಚು ಕಡಿಮೆ 6 ಲೀಟರ್ ಎಣ್ಣೆ ಬರುತ್ತದೆ. ಅರೆಯುವಾಗ ಬೀಜಕ್ಕೆ ಸ್ವಲ್ಪ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಹಿಂಡಿ ಸರಿಯಾಗಿ ಬಿಡುವುದಿಲ್ಲ. ಆ ನೀರಿನ ಪಸೆ, ಬೀಜದ ನುಣ್ಣನೆ ಪುಡಿ ಎಲ್ಲಾ ಹೊಸ ಎಣ್ಣೆಯಲ್ಲೇ ಇರುತ್ತದೆ. ನಾಲ್ಕೈದು ದಿನ ಅಲುಗಾಡಿಸದೆ ಬಿಟ್ಟರೆ ಮಡ್ಡಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಕಜ್ಜಾಯದ ಪಾಕ ಇಟ್ಟ ಹಾಗೆ ಇದು. ಅವಸರ ಮಾಡಿದರೆ ಕೆಡುತ್ತದೆ.

ಕಳೆದ ವರ್ಷ ನಾವೇ ಅವಸರ ಮಾಡಿದೆವು. ಹಬ್ಬ ಎರಡು ದಿನ ಇದೆ ಅನ್ನುವಾಗ ಕೇಳಿ ಬಂದವರಿಗೆ ಇಲ್ಲ ಅನ್ನಲು ಮನಸ್ಸಾಗದೆ ಸರಿಯಾಗಿ ತಿಳಿಯಾಗದ ಎಣ್ಣೆ ಕೊಟ್ಟೆವು. ಕೆಲವರ ಮನೆಯಲ್ಲಿ ಬಾಣಲೆ ತುಂಬಾ ನೊರೆ ಉಕ್ಕಿತು. ಒಬ್ಬ ಅಕ್ಕ ಫೋನ್ ಮಾಡಿ, "ಮಂಜುಳಾ, ಚಕ್ಕುಲಿ ಹಾಕಿದರೆ ಎಣ್ಣೆ ಒಲೆ ಮೇಲೇ ಬರ್ತಿದೆ, ಏನು ಮಾಡ್ಲಿ?" ಅಂದರು. ಹಬ್ಬದ ದಿನ ಆ ಮಾತು ಕೇಳಿ ತುಂಬಾ ಬೇಜಾರಾಯಿತು. ಅವರಿಗೆಲ್ಲ ಬದಲಿ ಎಣ್ಣೆ ಕೊಟ್ಟೆವು. ಆದರೆ ಹೋದ ಹಬ್ಬ ವಾಪಸ್ ಬರುತ್ತಾ? ಅದಕ್ಕೇ ಈ ವರ್ಷ 13 ಮತ್ತು 14ಕ್ಕೆ ಅರೆದು ಮುಗಿಸುತ್ತೇವೆ. ಆಮೇಲೆ ಹಬ್ಬಕ್ಕೆ ಅಂತ ಗಾಣ ತಿರುಗಿಸುವುದಿಲ್ಲ. ಭಾನುವಾರ ಕಳೆದ ಮೇಲೆ ಕೇಳಿದವರಿಗೆ, ಅಂಗಡಿಯಲ್ಲಿ ತಿಳಿ ಎಣ್ಣೆ ಮಿಕ್ಕಿದ್ದರೆ ಎಂದಿನ ಬೆಲೆಗೆ ಕೊಡುತ್ತೇವೆ. ಇಲ್ಲದಿದ್ದರೆ ಇಲ್ಲ ಅಂತಲೇ ಹೇಳುತ್ತೇವೆ.

ಬೆಲೆ ಕಡಿಮೆ ಮಾಡಲು ಆಗುವುದೂ ಇದರಿಂದಲೇ. ಎಷ್ಟು ಬೇಕು ಅಂತ ಮೊದಲೇ ಗೊತ್ತಾದರೆ ಬೀಜ ಒಟ್ಟಿಗೆ ತರಬಹುದು, ಎಣ್ಣೆ ಮಿಕ್ಕುವುದಿಲ್ಲ. ಉಳಿದ ದುಡ್ಡಿನಲ್ಲಿ ನಿಮಗೂ ಪಾಲು. ಬೀಜ ಪಾವಗಡದ ಕಡೆಯದು, ಬೇಸಿಗೆ ಬೆಳೆಯದು. ಮಳೆಗಾಲದ ಹೊಸ ಕಾಯಿ ಈಗಷ್ಟೇ ಕೀಳುತ್ತಿದ್ದಾರೆ. ಅದು ಚೆನ್ನಾಗಿ ಒಣಗದೆ ಗಾಣಕ್ಕೆ ಹಾಕುವ ಹಾಗಿಲ್ಲ.

ಎಷ್ಟು ತೆಗೆದುಕೊಳ್ಳಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾಲ್ಕೈದು ಜನರ ಮನೆ, ಕಜ್ಜಾಯ, ಚಕ್ಕುಲಿ, ಕೋಡುಬಳೆ ಮಾಡುತ್ತೀರಿ ಅಂದರೆ ಕರಿಯಲು 2 ಲೀಟರ್ ಸಾಕು. ಆಫರ್ ಇದೆ ಅಂತ ಸುಮ್ನೆ ಜಾಸ್ತಿ ಕೊಳ್ಳಬೇಡಿ. ಗಾಣದ ಎಣ್ಣೆ ವರ್ಷಗಟ್ಟಲೆ ಇಡುವಂಥದ್ದಲ್ಲ, ಎರಡು ಮೂರು ತಿಂಗಳಲ್ಲಿ ಮುಗಿಸಿದರೆ ಘಮ ಇರುತ್ತದೆ. 5 ಲೀಟರ್ ಕ್ಯಾನ್ ಇರುವುದು ದೊಡ್ಡ ಸಂಸಾರಕ್ಕೆ. ಹೋದ ತಿಂಗಳು ಕೊಂಡಿದ್ದು ಇನ್ನೂ ಮನೆಯಲ್ಲಿದ್ದರೆ ಮೊದಲು ಅದನ್ನು ಬಳಸಿ.

ಕರಿಯುವಾಗ ಒಂದು ಎಚ್ಚರ. ಇದು ರಿಫೈನ್ಡ್ ಎಣ್ಣೆಯಷ್ಟು ಕಾವು ತಡೆಯುವುದಿಲ್ಲ. ಹೊಗೆ ಏಳುವ ತನಕ ಕಾಯಿಸಬೇಡಿ, ಮಧ್ಯಮ ಉರಿ ಸಾಕು. ಕರಿದು ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ ಹಾಕಿ ಮುಗಿಸಿ.

ನರಕ ಚತುರ್ದಶಿ 20ನೇ ತಾರೀಕು ಸೋಮವಾರ. ಬೆಳಗಿನ ಜಾವ ತಲೆಗೆ ಎಣ್ಣೆ ಇಟ್ಟುಕೊಂಡು ನೀರು ಹಾಕಿಕೊಳ್ಳುವವರಿಗೆ ಅರ್ಧ ಲೀಟರ್ ಎಳ್ಳೆಣ್ಣೆ ಇಡೀ ಮನೆಗೆ ಆಗುತ್ತದೆ. ದೀಪದ ಎಳ್ಳೆಣ್ಣೆ ಅಂದರೆ ತಿಳಿ ತೆಗೆದ ಮೇಲೆ ತಳದಲ್ಲಿ ಉಳಿಯುವುದನ್ನು ಬಟ್ಟೆಯಲ್ಲಿ ಸೋಸಿದ್ದು. ಶುದ್ಧ ಎಳ್ಳಿನದೇ, ಬೇರೇನೂ ಬೆರೆಸಿಲ್ಲ. ಬತ್ತಿ ಸ್ವಲ್ಪ ಬೇಗ ಕಪ್ಪಾಗುತ್ತದೆ, ಆಗಾಗ ಕುಡಿ ತೆಗೆಯಬೇಕು. ಅಡುಗೆಗೆ ದಯವಿಟ್ಟು ಬಳಸಬೇಡಿ.

ಮನೆಯಿಂದ ಸ್ಟೀಲ್ ಕ್ಯಾನ್ ತಂದರೆ ಲೀಟರಿಗೆ ಇನ್ನೂ 10 ರೂಪಾಯಿ ಕಡಿಮೆ. ತೊಳೆದು, ಬಿಸಿಲಿಗಿಟ್ಟು, ಪೂರ್ತಿ ಒಣಗಿಸಿ ತನ್ನಿ. ತಳದಲ್ಲಿ ನೀರಿದ್ದರೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಒದ್ದೆ ಕ್ಯಾನಿಗೆ ನಮ್ಮ ಅತ್ತೆ ಎಣ್ಣೆ ಹಾಕಲು ಬಿಡುವುದೇ ಇಲ್ಲ, ಬೇಸರ ಮಾಡಿಕೊಳ್ಳಬೇಡಿ.

ಶನಿವಾರ ಬೆಳಿಗ್ಗೆ 7ರಿಂದ ರಾತ್ರಿ 9ರ ತನಕ, ಭಾನುವಾರ ಮಧ್ಯಾಹ್ನ 1ರ ತನಕ ಅಂಗಡಿ ತೆರೆದಿರುತ್ತದೆ. ಅಶೋಕನಗರ, ಎಸ್.ಎಸ್. ಪುರಂ ಕಡೆಯವರಿಗೆ 3 ಲೀಟರ್ ಮೇಲೆ ಇದ್ದರೆ ನಮ್ಮವರೇ ಶನಿವಾರ ಸಂಜೆ ಸ್ಕೂಟರಿನಲ್ಲಿ ತಂದುಕೊಡುತ್ತಾರೆ, ದುಡ್ಡಿಲ್ಲ. ಕ್ಯಾತ್ಸಂದ್ರದ ಕಡೆಗೆ 30 ರೂಪಾಯಿ. 20, 21, 22 ಅಂಗಡಿ ರಜೆ. ಬಲಿಪಾಡ್ಯಮಿ ಮುಗಿಸಿ ಗುರುವಾರ ತೆರೆಯುತ್ತೇವೆ.

ಹಸು ಸಾಕಿರುವವರು ಹಿಂಡಿ ಬೇಕಿದ್ದರೆ ಈಗಲೇ ಹೇಳಿ. ಎರಡು ದಿನ ಅರೆಯುವಾಗ ಒಳ್ಳೆಯ ಕಡಲೆಕಾಯಿ ಹಿಂಡಿ ಸಿಗುತ್ತದೆ, ಮೊದಲು ಕೇಳಿದವರಿಗೆ ಮೊದಲು.

ತಿಳಿಸುವುದು ಸುಲಭ. ಇದೇ ಮೆಸೇಜಿಗೆ "ಕಡಲೆಕಾಯಿ 2, ಎಳ್ಳು ಅರ್ಧ, ನಾನೇ ಬರ್ತೀನಿ" ಅಂತ ಬರೆದರೆ ಸಾಕು. ಟೈಪ್ ಮಾಡಲು ಕಷ್ಟವಾದರೆ ವಾಯ್ಸ್ ಕಳಿಸಿ, ಅಥವಾ ಮಧ್ಯಾಹ್ನ 2ರ ಮೇಲೆ ಫೋನ್ ಮಾಡಿ. ಇದು ಗ್ರೂಪ್ ಅಲ್ಲ, ನೀವು ಬರೆದದ್ದು ನನಗೊಬ್ಬಳಿಗೆ ಮಾತ್ರ ಕಾಣುತ್ತದೆ. ಪುಸ್ತಕದಲ್ಲಿ ಬರೆದುಕೊಂಡ ಕೂಡಲೇ "ಬರೆದೆ" ಅಂತ ಉತ್ತರ ಹಾಕುತ್ತೇನೆ. ಅದು ಬರದಿದ್ದರೆ ನನಗೆ ಮುಟ್ಟಿಲ್ಲ ಅಂತ ತಿಳಿದು ಇನ್ನೊಮ್ಮೆ ಹೇಳಿ. ಮುಂಗಡ ಬೇಡ, ದುಡ್ಡು ಎಣ್ಣೆ ತೆಗೆದುಕೊಳ್ಳುವಾಗ ಕೊಟ್ಟರೆ ಆಯಿತು. ಯಾವ ಲಿಂಕನ್ನೂ ನಾನು ಕಳಿಸುವುದಿಲ್ಲ. ನನ್ನ ಹೆಸರಲ್ಲಿ ಲಿಂಕ್ ಬಂದರೆ ಒತ್ತಬೇಡಿ.

ಈ ಥರ ಮೆಸೇಜ್ ವರ್ಷಕ್ಕೆ ಎರಡೇ ಸಲ, ಯುಗಾದಿಗೆ ಮತ್ತು ದೀಪಾವಳಿಗೆ. ನಾಳೆ, ನಾಡಿದ್ದು ಮತ್ತೆ ನೆನಪಿಸುವುದಿಲ್ಲ. ಇದೂ ಬೇಡ ಅನಿಸಿದರೆ "ಬೇಡ" ಅಂತ ಒಂದು ಪದ ಕಳಿಸಿ, ಅವತ್ತೇ ಪಟ್ಟಿಯಿಂದ ನಿಮ್ಮ ನಂಬರ್ ತೆಗೆಯುತ್ತೇನೆ. ಅಂಗಡಿಗೆ ಬಂದಾಗ ಯಾಕೆ ಅಂತ ಖಂಡಿತ ಕೇಳುವುದಿಲ್ಲ.

ನಿಮ್ಮ ಮನೆಯವರಿಗೆಲ್ಲ ದೀಪಾವಳಿಯ ಶುಭಾಶಯ.

ಮಂಜುಳಾ
ಮರದ ಗಾಣ, ಅಶೋಕನಗರ, ತುಮಕೂರು
ಗುರುವಾರ, 9 ಅಕ್ಟೋಬರ್ 2025